ಬಿಸಿ ತಿಳಿಯದ ಕಾಲು, ನಡೆಯಲಾರದ ಕಾಲು

ಬೆನ್ನಿಗೆ ಚಾಕುವಿನ ಇರಿತವಾಗಿ ಬದುಕುಳಿದವರಲ್ಲಿ ವೈದ್ಯರು ಅಪರೂಪಕ್ಕೆ ಒಂದು ವಿಚಿತ್ರ ನೋಡುತ್ತಾರೆ. ಒಂದು ಕಾಲು ಎಳೆದಂತೆ ಬಿದ್ದಿರುತ್ತದೆ, ಆದರೆ ಸೂಜಿ ಚುಚ್ಚಿದರೆ ಅದಕ್ಕೆ ಚುರುಕ್ಕೆನ್ನುತ್ತದೆ. ಇನ್ನೊಂದು ಕಾಲು ಚೆನ್ನಾಗಿ ಓಡಾಡುತ್ತದೆ, ಆದರೆ ಕುದಿಯುವ ನೀರಿನಲ್ಲಿಟ್ಟರೂ ಅದಕ್ಕೆ ಗೊತ್ತಾಗುವುದಿಲ್ಲ. ಗಾಯವಾದದ್ದು ಒಂದೇ ಕಡೆ. ನಷ್ಟ ಮಾತ್ರ ಎರಡು ಕಾಲುಗಳಿಗೂ ಹಂಚಿಹೋಗಿದೆ. ಈ ಹಂಚಿಕೆಯ ಲೆಕ್ಕ ಬಿಡಿಸಿದವನ ಹೆಸರು ಶಾರ್ಲ್-ಎದುವಾರ್ ಬ್ರೌನ್-ಸೆಕಾರ್.

ಅವನು ಹುಟ್ಟಿದ್ದು 1817ರಲ್ಲಿ, ಮಾರಿಷಸ್ಸಿನ ಪೋರ್ಟ್ ಲೂಯಿಯಲ್ಲಿ. ತಂದೆ ಬ್ರೌನ್ ಅಮೆರಿಕದ ಹಡಗಿನ ಕಪ್ತಾನ. ಮಗ ಹುಟ್ಟುವ ಮೊದಲೇ ಸಮುದ್ರದ ಪಾಲಾದ. ತಾಯಿ ಸೆಕಾರ್ ಮನೆತನದ ಫ್ರೆಂಚ್ ಹೆಣ್ಣುಮಗಳು. ಸಾಹಿತಿಯಾಗಬೇಕೆಂದು ಪ್ಯಾರಿಸ್ಸಿಗೆ ಹೋದ ಹುಡುಗ ವೈದ್ಯಕೀಯಕ್ಕೆ ತಿರುಗಿದ. 1846ರಲ್ಲಿ ಪದವಿಗೆ ಬರೆದ ಪ್ರಬಂಧದ ವಿಷಯವೇ ಬೆನ್ನುಹುರಿ.

ಆ ಹೊತ್ತಿಗೆ ಬೆಲ್ ಮತ್ತು ಮಾಜಾಂಡಿ ಅವರ ಕೆಲಸದಿಂದ ಒಂದು ಮಾತು ಖಚಿತವಾಗಿತ್ತು: ಹುರಿಯ ಮುಂಭಾಗದಿಂದ ಹೊರಡುವ ನರಬೇರುಗಳು ಚಲನೆಗೆ, ಹಿಂಭಾಗಕ್ಕೆ ಬಂದು ಸೇರುವ ಬೇರುಗಳು ಸಂವೇದನೆಗೆ. ಹಾಗಿದ್ದ ಮೇಲೆ ಹುರಿಯ ಹಿಂದಿನ ಕಂಬಗಳೇ ಎಲ್ಲ ಸಂವೇದನೆಯನ್ನೂ ಮೇಲಕ್ಕೆ ಒಯ್ಯುತ್ತವೆ ಎಂದು ಹಲವರು ಊಹಿಸಿಕೊಂಡರು. ಬಾಗಿಲು ನೋಡಿ ಒಳಗಿನ ಓಣಿಯನ್ನು ಊಹಿಸಿದ ಹಾಗೆ. ಬ್ರೌನ್-ಸೆಕಾರ್ ಪ್ರಾಣಿಗಳಲ್ಲಿ ಆ ಕಂಬಗಳನ್ನೇ ಕತ್ತರಿಸಿದ. ಚಿವುಟಿದರೆ ಅವು ಇನ್ನೂ ನೋವಿನಿಂದ ಕಿರುಚುತ್ತಿದ್ದವು. ಮುಂದೆ ಹುರಿಯ ಅರ್ಧವನ್ನು ಮಾತ್ರ, ಒಂದು ಪಕ್ಕದಿಂದ ಮಧ್ಯದವರೆಗೆ, ಕತ್ತರಿಸಿದ. ಕತ್ತರಿಸಿದ ಪಕ್ಕದ ಕಾಲು ಸೋತಿತು. ನೋವು ಮಾಯವಾದದ್ದು ಎದುರು ಪಕ್ಕದಲ್ಲಿ. ನಂಬದವರು ಬೇಕಾದಷ್ಟು ಮಂದಿ ಇದ್ದರು. 1855ರಲ್ಲಿ ಪ್ಯಾರಿಸ್ಸಿನ ಜೀವಶಾಸ್ತ್ರ ಸಂಘದ ಸಮಿತಿಯೊಂದು ಪ್ರಯೋಗಗಳನ್ನು ಪರಿಶೀಲಿಸಿತು. ಅವನ ಪರವಾಗಿ ವರದಿ ಕೊಟ್ಟವನು ಪಾಲ್ ಬ್ರೋಕಾ.

ಇಂದಿನ ತಿಳಿವಳಿಕೆಯಿಂದ ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ಹೊಕ್ಕುಳಿನ ಮಟ್ಟದ ಚರ್ಮವನ್ನು ನೋಡಿಕೊಳ್ಳುವ ಹತ್ತನೆಯ ಎದೆಖಂಡದಲ್ಲಿ ಬೆನ್ನುಹುರಿಯ ಎಡ ಅರ್ಧ ಕಡಿದಿದೆ. (ಹುರಿ ಬೆನ್ನುಮೂಳೆಗಿಂತ ಗಿಡ್ಡ, ಸೊಂಟದ ಮೊದಲ ಮೂಳೆಯ ಆಸುಪಾಸಿನಲ್ಲೇ ಮುಗಿಯುತ್ತದೆ. ಹಾಗಾಗಿ ಇರಿತದ ಗುರುತು ಹತ್ತನೆಯ ಮೂಳೆಗಿಂತ ಮೇಲೆಯೇ ಇರುತ್ತದೆ.) ಮಿದುಳಿನಿಂದ ಇಳಿದು ಬರುವ ಚಲನೆಯ ದಾರಿ ಮಿದುಳಿನ ಬುಡದಲ್ಲಿ, ಮೆಡುಲ್ಲಾದಲ್ಲೇ, ಪಕ್ಕ ಬದಲಿಸಿ ಆಗಿದೆ. ಆದ್ದರಿಂದ ಎಡಗಾಯಕ್ಕೆ ಎಡಗಾಲೇ ಸೋಲುತ್ತದೆ. ಮೊದಲ ದಿನಗಳಲ್ಲಿ ಜೋಲುಬಿದ್ದ ಅದು ವಾರಗಳು ಕಳೆದಂತೆ ಬಿಗಿಯಾಗುತ್ತದೆ. ಕಾಲ್ಬೆರಳು ಮೇಲಿದೆಯೋ ಕೆಳಗಿದೆಯೋ ಎಂಬ ಅರಿವು, ಟ್ಯೂನಿಂಗ್ ಫೋರ್ಕಿನ ಕಂಪನ, ಇವು ಹಿಂದಿನ ಕಂಬಗಳಲ್ಲಿ ಅದೇ ಪಕ್ಕದಲ್ಲಿ ಏರಿ ಮೆಡುಲ್ಲಾದಲ್ಲಿ ದಾಟುತ್ತವೆ. ಹಾಗಾಗಿ ಅವೂ ಎಡಗಾಲಿನಲ್ಲೇ ಹೋಗುತ್ತವೆ.

ನೋವು ಮತ್ತು ಬಿಸಿ-ತಂಪಿನ ದಾರಿ ಬೇರೆ. ಹುರಿಯೊಳಗೆ ಬಂದ ಕೂಡಲೇ, ಒಂದೆರಡು ಖಂಡ ಏರುವಷ್ಟರಲ್ಲಿ, ಅದು ಎದುರು ಪಕ್ಕಕ್ಕೆ ದಾಟಿ ಹುರಿಯ ಮುಂಬದಿಯಲ್ಲಿ ಮೇಲೇರುತ್ತದೆ. ಬಲಗಾಲಿನ ನೋವು ಎಡ ಅರ್ಧದಲ್ಲಿ ಪ್ರಯಾಣಿಸುತ್ತಿದ್ದದ್ದರಿಂದ ಕಡಿದುಹೋಗಿದೆ. ದಾಟಲು ಬೇಕಾದ ಆ ಒಂದೆರಡು ಖಂಡಗಳಿಂದಾಗಿ ಬಲಗಡೆಯ ನಷ್ಟ ಹೊಕ್ಕುಳಿನಿಂದಲ್ಲ, ಅದಕ್ಕಿಂತ ತುಸು ಕೆಳಗಿನಿಂದ ಶುರುವಾಗುತ್ತದೆ. ಗಾಯದ ಮಟ್ಟ ತಿಳಿಯಬೇಕಾದರೆ ಎಡಗಡೆ ಹೊಕ್ಕುಳಿನ ಪಕ್ಕ ಹುಡುಕಬೇಕು: ನರ ಒಳಬರುವ ಜಾಗವೇ ನಾಶವಾಗಿರುವುದರಿಂದ ಅಲ್ಲಿ ಏನೂ ತಿಳಿಯದ ಒಂದು ಸಣ್ಣ ಪಟ್ಟಿ ಇರುತ್ತದೆ. ಹಗುರ ಸ್ಪರ್ಶಕ್ಕೆ ಎರಡು ದಾರಿಗಳೂ ಇರುವುದರಿಂದ ಹತ್ತಿಯಿಂದ ಸವರಿ ಮಾತ್ರ ಪರೀಕ್ಷಿಸಿದರೆ ಏನೂ ಆಗಿಲ್ಲವೆಂದು ಮೋಸಹೋಗಬಹುದು. ಸೂಜಿ, ಬಿಸಿನೀರಿನ ನಳಿಕೆ ಎರಡೂ ಬೇಕು. ನಿಜವಾದ ಗಾಯಗಳು ಇಷ್ಟು ಅಚ್ಚುಕಟ್ಟಾಗಿ ಅರ್ಧಕ್ಕೆ ನಿಲ್ಲುವುದು ಕಡಿಮೆ; ಸಾಮಾನ್ಯವಾಗಿ ಸಿಗುವುದು ಈ ಚಿತ್ರದ ಕಲಸಿದ ರೂಪ.

ಬ್ರೌನ್-ಸೆಕಾರ್ ಎಡವಿದ್ದೂ ಇಲ್ಲಿಯೇ. ಸಂವೇದನೆಯೆಲ್ಲವೂ ಹುರಿಯಲ್ಲೇ ದಾಟುತ್ತದೆ ಎಂದು ಅವನು ಬಹುಕಾಲ ವಾದಿಸಿದ. ಅವನ ತಪ್ಪಿಗೆ ಕಾರಣ ಊಹಿಸುವುದು ನನಗೆ ಕಷ್ಟವೆನಿಸುವುದಿಲ್ಲ. ಚಿವುಟಿದರೆ ಪ್ರಾಣಿ ಕಿರುಚುತ್ತದೆ, ಆದರೆ ಕಣ್ಣು ಮುಚ್ಚಿಸಿ 'ನಿನ್ನ ಬೆರಳು ಈಗ ಎತ್ತ ಕಡೆ ಇದೆ?' ಎಂದು ಅದನ್ನು ಕೇಳಲಾಗದು. ಆ ಉತ್ತರ ಸಿಕ್ಕಿದ್ದು ಮಾತನಾಡಬಲ್ಲ ರೋಗಿಗಳಿಂದ.

ಅವನು 1894ರಲ್ಲಿ ತೀರಿಕೊಂಡ. 1911ರಲ್ಲಿ ಫಿಲಡೆಲ್ಫಿಯಾದಲ್ಲಿ ನರವೈದ್ಯ ಸ್ಪಿಲ್ಲರ್ ಅವರ ಸಲಹೆಯಂತೆ ಶಸ್ತ್ರಚಿಕಿತ್ಸಕ ಮಾರ್ಟಿನ್, ದೇಹದ ಕೆಳಭಾಗದ ತಡೆಯಲಾಗದ ನೋವಿನಿಂದ ಒದ್ದಾಡುತ್ತಿದ್ದ ರೋಗಿಯೊಬ್ಬರ ಬೆನ್ನುಹುರಿಯ ಮುಂಬದಿಯ ಆ ದಾರಿಯನ್ನೇ ಬೇಕೆಂದು ಕತ್ತರಿಸಿದರು. ಒಂದು ಕಾಲಿನ ನೋವು ನೀಗಿಸಲು ಚಾಕು ಹಾಕಬೇಕಾದದ್ದು ಅದರ ಎದುರು ಪಕ್ಕಕ್ಕೆ, ನೋವು ಶುರುವಾಗುವ ಮಟ್ಟಕ್ಕಿಂತ ಕೆಲವು ಖಂಡ ಮೇಲೆ.