ಗರಗಸದ ನೇರ ಗೆರೆಯಿಂದ ರೂಟರಿನ ತಿರುವಿಗೆ: ಪ್ಲೈವುಡ್ ಶೀಟಿನ ಮೇಲೆ ನೆಸ್ಟಿಂಗ್

ಒಂದೇ ಶೀಟಿನಲ್ಲಿ ಹೆಚ್ಚು ತುಂಡುಗಳು ಬರುವಂತೆ ಜೋಡಿಸುವ ಕೆಲಸಕ್ಕೆ ಮರಗೆಲಸದವರು ಇಂದು ನೆಸ್ಟಿಂಗ್ ಎನ್ನುತ್ತಾರೆ. ಕತ್ತರಿಸುವ ಯಂತ್ರ ಏನನ್ನು ಮಾಡಬಲ್ಲದೋ ಅದಕ್ಕೆ ತಕ್ಕಂತೆಯೇ ಇದರ ಗಣಿತ ಬೆಳೆದಿದೆ.

ಈ ಗಣಿತಕ್ಕೆ ಪ್ಲೈವುಡ್ಡಿನ ನಂಟು ಹಳೆಯದು. 1938ರಲ್ಲಿ ಲೆನಿನ್‌ಗ್ರಾಡಿನ ಪ್ಲೈವುಡ್ ಟ್ರಸ್ಟಿನವರು ಯಾವ ಯಂತ್ರಕ್ಕೆ ಯಾವ ಮರವನ್ನು ಎಷ್ಟು ಕೊಡಬೇಕು ಎಂಬ ಪ್ರಶ್ನೆಯೊಂದಿಗೆ ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್ ಬಳಿ ಬಂದರು. ಆ ಲೆಕ್ಕದಿಂದ ಹುಟ್ಟಿದ 1939ರ ಅವರ ಪುಸ್ತಕದಲ್ಲಿ, ಕತ್ತರಿಸುವಾಗ ಉಳಿಯುವ ಚೂರನ್ನು ಕಡಿಮೆ ಮಾಡುವ ಸಮಸ್ಯೆಯೂ ಸೇರಿತು. 1961ರಿಂದ 1965ರ ನಡುವೆ ಗಿಲ್ಮೋರ್ ಮತ್ತು ಗೊಮೊರಿ ಇದನ್ನು ಕಂಪ್ಯೂಟರ್ ಬಿಡಿಸಬಲ್ಲ ರೂಪಕ್ಕೆ ತಂದರು. ಶೀಟಿನ ಮಟ್ಟಿಗೆ ಅವರ ದಾರಿಯಲ್ಲಿ ಒಂದು ಕಟ್ಟುಪಾಡಿತ್ತು: ಪ್ರತಿ ಕತ್ತರಿಕೆಯೂ ಒಂದು ಅಂಚಿನಿಂದ ಎದುರಿನ ಅಂಚಿನವರೆಗೆ ನೇರವಾಗಿ ಹೋಗಬೇಕು. ಪ್ಯಾನೆಲ್ ಗರಗಸಕ್ಕೆ ಗೊತ್ತಿರುವುದೂ ಅಷ್ಟೇ.

ಸಿಎನ್‌ಸಿ ರೂಟರ್ ಈ ಕಟ್ಟನ್ನು ಬಿಚ್ಚಿತು. ಇದರಿಂದ ಎಷ್ಟು ಲಾಭ ಎಂಬುದನ್ನು ಒಂದು ಲೆಕ್ಕದಲ್ಲಿ ನೋಡೋಣ. ಎಂಟಡಿ-ನಾಲ್ಕಡಿ ಶೀಟ್ ಎಂದರೆ 2440×1220 ಮಿ.ಮೀ. ನಾಲ್ಕೂ ಕಡೆ 10 ಮಿ.ಮೀ. ಅಂಚು ಬಿಟ್ಟು, 6 ಮಿ.ಮೀ. ಬಿಟ್ ಬಳಸುತ್ತೇವೆ ಎಂದುಕೊಳ್ಳಿ. ಬೇಕಿರುವುದು ಇಂಗ್ಲಿಷಿನ ಎಲ್ ಅಕ್ಷರದ ಆಕಾರದ ತುಂಡು: ಒಂದು ತೋಳು 580, ಇನ್ನೊಂದು 390, ಅಗಲ 140. ಪ್ರತಿ ತುಂಡಿಗೂ ಪೂರ್ತಿ ಆಯತದ ಜಾಗ ಕೊಟ್ಟು ಕತ್ತರಿಸಿದರೆ ಶೀಟಿಗೆ 12 ತುಂಡು ಬರುತ್ತವೆ. ಆಗ ಬಳಕೆಯಾಗುವುದು ಶೀಟಿನ ಶೇ. 47 ಮಾತ್ರ. ಈಗ ಒಂದು ಎಲ್ ಅನ್ನು ಹಾಗೇ ಇಟ್ಟು, ಇನ್ನೊಂದನ್ನು 180 ಡಿಗ್ರಿ ತಿರುಗಿಸಿ ಅದರ ಮಡಿಲಿಗೆ ಇಳಿಸಿ. ಎರಡಕ್ಕೂ ಸೇರಿ 786 ಬೇಕಿದ್ದ ಎತ್ತರ 536ಕ್ಕೆ ಇಳಿಯುತ್ತದೆ. ಶೀಟಿಗೆ 16 ತುಂಡು ಬರುತ್ತವೆ, ಬಳಕೆ ಶೇ. 62ಕ್ಕೇರುತ್ತದೆ. ಪ್ರತಿ ಜೋಡಿಯ ನಡುವೆ ಇನ್ನೂ ಒಂದು ಖಾಲಿ ಜಾಗ ಉಳಿದಿರುತ್ತದೆ. ಅಲ್ಲಿ 280×230ರ ಒಂದೊಂದು ಹಲಗೆ ಕೂರಿಸಿದರೆ ಬಳಕೆ ಶೇ. 80ರ ಹತ್ತಿರ ಬರುತ್ತದೆ. ನಾಲ್ಕೂ ಕಡೆಯಿಂದ ಸುತ್ತುವರಿದ ಆ ಜಾಗಕ್ಕೆ ಗರಗಸ ಹೋಗಲಾರದು.

ಕಣ್ಣಿಗೆ ಸುಲಭವಾದ ಈ ಕೂಡಿಸುವಿಕೆ ಕಂಪ್ಯೂಟರಿಗೆ ಕಷ್ಟ. ಎರಡು ವಕ್ರ ಆಕಾರಗಳು ಒಂದರ ಮೇಲೊಂದು ಹತ್ತಿವೆಯೇ ಎಂದು ಪ್ರತಿ ಸಲ ಪರೀಕ್ಷಿಸಬೇಕು. 1966ರಲ್ಲಿ ಆರ್ಟ್, 1976ರಲ್ಲಿ ಆಡಮೊವಿಚ್ ಮತ್ತು ಅಲ್ಬಾನೊ ಬೆಳೆಸಿದ ಉಪಾಯ ಇಂದು ನೋ-ಫಿಟ್ ಪಾಲಿಗನ್ ಎಂದು ಹೆಸರಾಗಿದೆ. ಒಂದು ತುಂಡನ್ನು ಅಲುಗಾಡದಂತೆ ಇಟ್ಟು, ಇನ್ನೊಂದನ್ನು ತಿರುಗಿಸದೆ ಅದರ ಸುತ್ತ ತಾಗಿಸಿಕೊಂಡೇ ಜಾರಿಸಬೇಕು. ಜಾರುವ ತುಂಡಿನ ಒಂದು ಬಿಂದು ಎಳೆಯುವ ಗೆರೆಯೇ ಆ ಪಾಲಿಗನ್. ಬಿಂದು ಅದರ ಒಳಗಿದ್ದರೆ ತುಂಡುಗಳು ಹತ್ತಿಕೊಂಡಿವೆ, ಗೆರೆಯ ಮೇಲಿದ್ದರೆ ಸರಿಯಾಗಿ ತಾಗಿವೆ, ಹೊರಗಿದ್ದರೆ ನಡುವೆ ಜಾಗವಿದೆ. ಇದನ್ನು ಒಮ್ಮೆ ಲೆಕ್ಕ ಹಾಕಿಟ್ಟುಕೊಂಡರೆ ಮುಂದಿನ ಪರೀಕ್ಷೆಗಳು ಬೇಗ ಮುಗಿಯುತ್ತವೆ.

ಆದರೂ ಯಾವುದನ್ನು ಮೊದಲು ಇಡಬೇಕು, ಹೇಗೆ ತಿರುಗಿಸಬೇಕು ಎಂಬ ಆಯ್ಕೆಗಳು ತುಂಡುಗಳ ಸಂಖ್ಯೆ ಏರಿದಂತೆ ಎಣಿಕೆ ಮೀರುತ್ತವೆ. ಎಲ್ಲವನ್ನೂ ನೋಡಿ ಅತ್ಯುತ್ತಮವನ್ನು ಹುಡುಕುವ ಆಸೆ ಬಿಟ್ಟು, ಒಳ್ಳೆಯದೊಂದಕ್ಕೆ ಬೇಗ ತಲುಪುವ ದಾರಿಗಳು ಬಂದವು. ಪ್ರತಿ ತುಂಡನ್ನೂ ಆದಷ್ಟು ಕೆಳಕ್ಕೆ, ಎಡಕ್ಕೆ ತಳ್ಳುವ ಸರಳ ಕ್ರಮವನ್ನು 1980ರಲ್ಲಿ ಬೇಕರ್, ಕಾಫ್ಮನ್, ರಿವೆಸ್ಟ್ ವಿಶ್ಲೇಷಿಸಿದರು. ಇಂದು ಉಚಿತವಾಗಿ ಸಿಗುವ ಡೀಪ್‌ನೆಸ್ಟ್‌ನಂಥ ತಂತ್ರಾಂಶ ಕ್ರಮ ಮತ್ತು ತಿರುವುಗಳನ್ನು ಮತ್ತೆ ಮತ್ತೆ ಬದಲಿಸಿ, ಚೆನ್ನಾಗಿ ಬಂದ ಜೋಡಣೆಗಳನ್ನು ಉಳಿಸಿಕೊಂಡು ಮುಂದುವರಿಯುತ್ತದೆ.

ಪರದೆಯ ಮೇಲಿನ ಶೇಕಡಾವಾರು ರೂಟರಿನ ಮೇಜಿಗೆ ಬಂದಾಗ ಬೇರೆ ಪರೀಕ್ಷೆಗಳಿವೆ. ಮುಖದ ವಿನೀರ್‌ನ ಎಳೆ ಒಂದೇ ದಿಕ್ಕಿಗೆ ಕಾಣಬೇಕಾದರೆ ತುಂಡನ್ನು 180 ಡಿಗ್ರಿ ಮಾತ್ರ ತಿರುಗಿಸಬಹುದು. ನಮ್ಮ ಎಲ್ ಜೋಡಿಗೆ ಇದು ಅಡ್ಡಿಯಾಗಲಿಲ್ಲ. 90 ಡಿಗ್ರಿ ಬೇಕಿದ್ದರೆ ಆಗುತ್ತಿತ್ತು. ಎರಡನೆಯದು ಹಿಡಿತ. ಮೇಜಿನ ವ್ಯಾಕ್ಯೂಮ್ ತುಂಡನ್ನು ಹಿಡಿಯುವ ಬಲ ಅದರ ವಿಸ್ತೀರ್ಣಕ್ಕೆ ತಕ್ಕಂತಿರುತ್ತದೆ; ಉದ್ದ-ಅಗಲ ಎರಡೂ ಅರ್ಧವಾದರೆ ಹಿಡಿತ ಕಾಲು ಭಾಗವಾಗುತ್ತದೆ. ಸಣ್ಣ ತುಂಡು ಕೊನೆಯ ಸುತ್ತಿನಲ್ಲಿ ಬಿಡುಗಡೆಯಾಗುವಾಗ ಜಾರಿದರೆ, ಬಿಟ್ ಸುತ್ತು ಮುಗಿಸುವ ಜಾಗದಲ್ಲಿ ಅಂಚು ಕಚ್ಚಿದಂತೆ ಕಾಣುತ್ತದೆ. ಅದಕ್ಕೇ ಮಡಿಲಿನ ಸಣ್ಣ ಹಲಗೆಯನ್ನು, ಸುತ್ತಲಿನ ಎಲ್‌ಗಳು ಇನ್ನೂ ಶೀಟಿಗೆ ಅಂಟಿಕೊಂಡಿರುವಾಗಲೇ ಮೊದಲು ಕತ್ತರಿಸಬೇಕು. ತಳದಲ್ಲಿ ಅರ್ಧ ಮಿ.ಮೀ. ಪೊರೆ ಉಳಿಸಿ, ಅದನ್ನು ಎರಡನೇ ಸುತ್ತಿನಲ್ಲಿ ತೆಗೆಯುವುದೂ ರೂಢಿಯಲ್ಲಿದೆ.

ಮೂರನೆಯದು ಉಳಿಕೆಯ ಆಕಾರ. ಎರಡು ಜೋಡಣೆಗಳ ಬಳಕೆ ಸರಿಸಮವಿದ್ದರೂ, ಒಂದರಲ್ಲಿ ಉಳಿಕೆಯೆಲ್ಲ ಶೀಟಿನ ತುದಿಗೆ ಒಂದೇ ಅಗಲ ಪಟ್ಟಿಯಾಗಿ ಸೇರಿರುತ್ತದೆ, ಇನ್ನೊಂದರಲ್ಲಿ ತುಂಡುಗಳ ನಡುವೆ ಚದುರಿರುತ್ತದೆ. ಮೊದಲನೆಯದು ಮುಂದಿನ ಕೆಲಸಕ್ಕೆ ಸಾಮಾನು, ಎರಡನೆಯದು ಸೌದೆ. ಆದ್ದರಿಂದ ಒಂದು ಜೋಡಣೆಯನ್ನು ಒಪ್ಪುವ ಮುನ್ನ ಶೇಕಡಾವಾರಿನ ಜೊತೆಗೆ, ಉಳಿದುದರಲ್ಲಿ ಅತಿ ದೊಡ್ಡ ಆಯತ ಎಷ್ಟಿದೆ ಎಂಬುದನ್ನೂ ಅಳೆದು ನೋಡಬೇಕು.