ಇಆರ್‌ಪಿ ಜೋಡಣೆ: ಕ್ಷಣಕ್ಷಣದ ಇವೆಂಟ್ ಬೇಕೋ, ರಾತ್ರಿಯ ಬ್ಯಾಚ್ ಸಾಕೋ?

ನೆಫ್ಟ್ ಮೂಲಕ ಕಳುಹಿಸಿದ ಹಣ ಒಂದೊಂದಾಗಿ ಹೋಗುವುದಿಲ್ಲ. 2019ರ ಡಿಸೆಂಬರ್‌ನಿಂದ ಈ ಸೇವೆ ದಿನದ 24 ಗಂಟೆಯೂ ಇದೆ, ಆದರೂ ಲೆಕ್ಕ ಇತ್ಯರ್ಥವಾಗುವುದು ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಬ್ಯಾಚ್‌ಗಳಲ್ಲಿ. ಆರ್‌ಟಿಜಿಎಸ್‌ನಲ್ಲಿ ಹಾಗಲ್ಲ, ಪ್ರತಿಯೊಂದು ವರ್ಗಾವಣೆಯೂ ಬಂದ ಹಾಗೆಯೇ ಇತ್ಯರ್ಥವಾಗುತ್ತದೆ. ಎರಡನ್ನೂ ನಡೆಸುವುದು ರಿಸರ್ವ್ ಬ್ಯಾಂಕೇ. ಒಂದು ಬಂತೆಂದು ಇನ್ನೊಂದನ್ನು ಮುಚ್ಚಿಲ್ಲ.

ಕಂಪನಿಗಳ ಇಆರ್‌ಪಿ ತಂತ್ರಾಂಶದ ಸುತ್ತಲೂ ಇದೇ ಪ್ರಶ್ನೆ ಏಳುತ್ತದೆ. ಲೆಕ್ಕಪತ್ರ, ಖರೀದಿ, ದಾಸ್ತಾನು ಎಲ್ಲವೂ ಇಆರ್‌ಪಿಯಲ್ಲಿರುತ್ತವೆ. ಅಂಗಡಿಯ ಬಿಲ್ಲಿಂಗ್, ಆನ್‌ಲೈನ್ ಮಾರಾಟದ ಸೈಟ್, ಸಂಬಳದ ತಂತ್ರಾಂಶ, ಬ್ಯಾಂಕು, ಜಿಎಸ್‌ಟಿ ಪೋರ್ಟಲ್ ಎಲ್ಲವೂ ಅದರ ಹೊರಗೆ. ಇವುಗಳ ನಡುವೆ ಮಾಹಿತಿಯನ್ನು ನಿಗದಿತ ಸಮಯಕ್ಕೆ ಗುಂಪಾಗಿ ಸಾಗಿಸುವುದು ಬ್ಯಾಚ್. ಒಂದು ಘಟನೆ ನಡೆದ ಕೂಡಲೇ ಅದರ ಸುದ್ದಿಯನ್ನು ಕಳುಹಿಸುವುದು ಇವೆಂಟ್ ಪದ್ಧತಿ. ಇವೆಂಟ್ ಹೊಸದು, ಬ್ಯಾಚ್ ಹಳೆಯದು ಎಂಬ ಕಾರಣಕ್ಕೆ ಆಯ್ಕೆ ಮಾಡುವವರೇ ಹೆಚ್ಚು. ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಮಾಹಿತಿ ಕೆಲವು ಗಂಟೆ ಹಳೆಯದಾದರೆ ಯಾರ ಕೆಲಸ ಕೆಡುತ್ತದೆ?

12 ಕುಕ್ಕರ್, 16 ಗಿರಾಕಿಗಳು

ಒಂದು ಪಾತ್ರೆ ಕಂಪನಿಯನ್ನು ಉದಾಹರಣೆಗೆ ಊಹಿಸಿಕೊಳ್ಳಿ. ಭಿವಂಡಿಯಲ್ಲಿ ಗೋದಾಮು, ಮುಂಬೈ ಮತ್ತು ಪುಣೆಯಲ್ಲಿ ಅಂಗಡಿಗಳು, ಜೊತೆಗೆ ಸ್ವಂತ ಮಾರಾಟದ ಸೈಟ್. ಎಲ್ಲರೂ ಮಾರುವುದು ಒಂದೇ ದಾಸ್ತಾನಿನಿಂದ. ಪ್ರತಿದಿನ ರಾತ್ರಿ 2 ಗಂಟೆಗೆ ಇಆರ್‌ಪಿಯಿಂದ ಒಂದು ಫೈಲ್ ಹೊರಟು ಸೈಟಿಗೆ ಎಲ್ಲ ವಸ್ತುಗಳ ಬಾಕಿ ತಿಳಿಸುತ್ತದೆ. ಅಂದು 3 ಲೀಟರ್ ಕುಕ್ಕರ್ ಉಳಿದಿರುವುದು 12.

ಬೆಳಿಗ್ಗೆ 10ರಿಂದ ಸಂಜೆ 4ರೊಳಗೆ ಅಂಗಡಿಗಳಲ್ಲಿ 9 ಕುಕ್ಕರ್ ಬಿಲ್ ಆಗುತ್ತವೆ. ಇಆರ್‌ಪಿಯಲ್ಲಿ ಉಳಿದದ್ದು 3. ಸೈಟಿಗೆ ಇದರ ಸುದ್ದಿಯಿಲ್ಲ. ಅದು 12 ಇವೆ ಎಂದು ನಂಬಿ ಅಷ್ಟರಲ್ಲೇ 7 ಮಾರಿರುತ್ತದೆ. ಒಟ್ಟು 16 ಗಿರಾಕಿಗಳು, 12 ಕುಕ್ಕರ್. ನಾಲ್ವರಿಗೆ ಹಣ ವಾಪಸ್ ಮಾಡಿ ಕ್ಷಮೆ ಕೇಳಬೇಕು.

ಇದನ್ನು ಕಂಡವರು ತಕ್ಷಣ ಇವೆಂಟ್ ಬೇಕೆನ್ನುತ್ತಾರೆ. ಅದಕ್ಕೆ ಮೊದಲು ಸಣ್ಣ ಲೆಕ್ಕವೊಂದಿದೆ. ಅಂಗಡಿಗಳಲ್ಲಿ ಗಂಟೆಗೆ ಸರಾಸರಿ ಒಂದೂವರೆ ಕುಕ್ಕರ್ ಮಾರಾಟವಾಗುತ್ತಿದೆ. ಬ್ಯಾಚನ್ನು 15 ನಿಮಿಷಕ್ಕೊಮ್ಮೆ ಓಡಿಸಿದರೆ ಎರಡು ಓಟಗಳ ನಡುವೆ ಸರಾಸರಿ ಅರ್ಧ ಕುಕ್ಕರ್ ಕೂಡ ಹೋಗುವುದಿಲ್ಲ. ಸೈಟಿಗೆ ನಿಜವಾದ ಬಾಕಿಗಿಂತ 2 ಕಡಿಮೆ ತೋರಿಸಿದರೆ ಈ ತೊಂದರೆ ಬಹುಮಟ್ಟಿಗೆ ಮುಗಿಯಿತು. 500 ಇದ್ದು ದಿನಕ್ಕೆ 20 ಮಾರಾಟವಾಗುವ ಲೋಟಕ್ಕಂತೂ ರಾತ್ರಿಯ ಫೈಲೇ ಸಾಕು. ಹಬ್ಬದ ರಿಯಾಯಿತಿಯ ದಿನ ನಿಮಿಷಕ್ಕೆ ಹತ್ತಾರು ಹೋಗುವ, ಬಾಕಿ ಕಡಿಮೆ ಇರುವ ವಸ್ತುವಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಇವೆಂಟ್ ತನ್ನ ಖರ್ಚಿಗೆ ತಕ್ಕ ಕೆಲಸ ಮಾಡುವುದು ಅಲ್ಲಿ.

ಇವೆಂಟ್‌ನಲ್ಲಿ ಏನು ಬರೆಯಬೇಕು?

ಅಂಗಡಿಯ ಬಿಲ್ ಇಆರ್‌ಪಿಯಲ್ಲಿ ದಾಖಲಾದ ಕೂಡಲೇ ಒಂದು ಚಿಕ್ಕ ಸಂದೇಶ ಸರತಿಗೆ ಸೇರುತ್ತದೆ. ಸೈಟ್ ಅದನ್ನು ಓದಿ ತನ್ನ ಬಾಕಿಯನ್ನು ತಿದ್ದಿಕೊಳ್ಳುತ್ತದೆ. ಸಂದೇಶದಲ್ಲಿ ‘1 ಮಾರಾಟವಾಯಿತು’ ಎಂದು ಬರೆಯಬಹುದು, ಇಲ್ಲವೇ ‘ಈಗ 3 ಉಳಿದಿವೆ’ ಎಂದು ಬರೆಯಬಹುದು. ವ್ಯತ್ಯಾಸ ಚಿಕ್ಕದೆನಿಸಿದರೂ ಮುಂದಿನ ತಾಪತ್ರಯಗಳಲ್ಲಿ ಅರ್ಧದಷ್ಟು ಇಲ್ಲಿಯೇ ತೀರ್ಮಾನವಾಗುತ್ತವೆ.

ಇಂಥ ಸರತಿಗಳಲ್ಲಿ ಹೆಚ್ಚಿನವು ಕೊಡುವ ಭರವಸೆ ‘ಕನಿಷ್ಠ ಒಂದು ಬಾರಿ ತಲುಪಿಸುತ್ತೇವೆ’ ಎಂಬುದು. ಸೈಟ್ ಸಂದೇಶ ಓದಿ, ‘ಸಿಕ್ಕಿತು’ ಎಂದು ಹೇಳುವ ಮೊದಲೇ ಸಂಪರ್ಕ ಕಡಿದರೆ ಸರತಿ ಅದೇ ಸಂದೇಶವನ್ನು ಮತ್ತೆ ಕಳುಹಿಸುತ್ತದೆ. ‘1 ಮಾರಾಟವಾಯಿತು’ ಎಂಬುದು ಎರಡು ಸಲ ಬಂದರೆ ಬಾಕಿಯಿಂದ 2 ಕಳೆಯುತ್ತದೆ. ‘3 ಉಳಿದಿವೆ’ ಎಂಬುದು ಹತ್ತು ಸಲ ಬಂದರೂ ಬಾಕಿ 3 ಆಗಿಯೇ ಇರುತ್ತದೆ.

ಆದರೆ ಸಂದೇಶಗಳು ಹಿಂದುಮುಂದಾಗಿಯೂ ಬರಬಹುದು. ‘4 ಉಳಿದಿವೆ’ ಎಂಬ ಹಳೆಯ ಸಂದೇಶ ‘3 ಉಳಿದಿವೆ’ ಎಂಬುದರ ನಂತರ ತಲುಪಿದರೆ ಬಾಕಿ ತಪ್ಪಾಗಿ ಏರುತ್ತದೆ. ಅದಕ್ಕಾಗಿ ಪ್ರತಿ ವಸ್ತುವಿಗೂ ಏರುತ್ತಾ ಹೋಗುವ ಒಂದು ಕ್ರಮಸಂಖ್ಯೆ ಇರಬೇಕು:

```
{
  "item": "COOKER-3L",
  "location": "BHW1",
  "balance": 3,
  "version": 1187
}
```

ಸೈಟ್ ತನ್ನ ಬಳಿ ಇರುವ `version` ಸಂಖ್ಯೆಗಿಂತ ದೊಡ್ಡದು ಬಂದರೆ ಮಾತ್ರ ಸ್ವೀಕರಿಸುತ್ತದೆ, ಉಳಿದದ್ದನ್ನು ಎಸೆಯುತ್ತದೆ. ಇಷ್ಟು ಮಾಡಿದರೆ ಮರುಸಂದೇಶ ಮತ್ತು ಹಿಂದುಮುಂದು ಎರಡಕ್ಕೂ ಪರಿಹಾರ ಸಿಕ್ಕಿತು.

ಸಂದೇಶ ಹುಟ್ಟದೇ ಹೋದರೆ ಮಾತ್ರ ಇದರಿಂದ ಉಪಯೋಗವಿಲ್ಲ. ಬಿಲ್ ಇಆರ್‌ಪಿಯ ಡೇಟಾಬೇಸಿನಲ್ಲಿ ಉಳಿಯಿತು, ಸಂದೇಶ ಕಳುಹಿಸುವ ಮುನ್ನ ಸರ್ವರ್ ನಿಂತಿತು ಎನ್ನಿ. ಎಲ್ಲೂ ದೋಷದ ದಾಖಲೆಯಿಲ್ಲ, ಸುದ್ದಿ ಮಾತ್ರ ಹೋಗಿಲ್ಲ. ಪ್ರಚಲಿತ ಪರಿಹಾರವೆಂದರೆ, ಬಿಲ್ ಉಳಿಸುವ ವ್ಯವಹಾರದಲ್ಲೇ ‘ಹೊರಡಬೇಕಾದ ಸಂದೇಶ’ ಎಂಬ ಇನ್ನೊಂದು ಕೋಷ್ಟಕಕ್ಕೂ ಒಂದು ಸಾಲು ಬರೆಯುವುದು. ತಂತ್ರಜ್ಞರು ಇದನ್ನು ಔಟ್‌ಬಾಕ್ಸ್ ಎನ್ನುತ್ತಾರೆ. ಉಳಿದರೆ ಎರಡೂ ಉಳಿಯುತ್ತವೆ, ಹೋದರೆ ಎರಡೂ ಹೋಗುತ್ತವೆ. ಆ ಕೋಷ್ಟಕವನ್ನು ಓದಿ ಸರತಿಗೆ ಹಾಕುವ ಕೆಲಸ ಬೇರೊಂದು ಪ್ರಕ್ರಿಯೆಯದು.

ಬ್ಯಾಚ್‌ನ ಕಾಣದ ಸೋರಿಕೆ

ಬ್ಯಾಚ್ ಸರಳ ಎನ್ನುವವರು ಸಾಮಾನ್ಯವಾಗಿ ನೆನೆಯುವುದು ಇಡೀ ಪಟ್ಟಿಯನ್ನು ಕಳುಹಿಸುವ ಬ್ಯಾಚನ್ನು. ವಸ್ತುಗಳು ಲಕ್ಷ ದಾಟಿದರೆ ‘ಕಳೆದ ಬಾರಿಯ ನಂತರ ಬದಲಾದದ್ದು ಮಾತ್ರ’ ಕಳುಹಿಸುತ್ತಾರೆ. ಸೋರುವುದು ಅಲ್ಲಿ.

ಒಂದು ದಾಖಲೆಯನ್ನು ಬಳಕೆದಾರರು 1:59:58ಕ್ಕೆ ಬದಲಿಸಿದರು, ಅದರ ಮೇಲೆ ಬಿದ್ದ ಸಮಯದ ಮುದ್ರೆಯೂ ಅದೇ. ಆದರೆ ವ್ಯವಹಾರ ದೊಡ್ಡದಿದ್ದರಿಂದ ಡೇಟಾಬೇಸಿನಲ್ಲಿ ಅದು ಪೂರ್ಣಗೊಂಡದ್ದು 2:00:03ಕ್ಕೆ. ಸರಿಯಾಗಿ 2:00:00ಕ್ಕೆ ಓಡಿದ ಬ್ಯಾಚ್‌ಗೆ ಅದು ಕಾಣಲಿಲ್ಲ. ಮರುದಿನದ ಬ್ಯಾಚ್ ‘2:00:00ರ ನಂತರ ಬದಲಾದದ್ದು’ ಎಂದು ಕೇಳುತ್ತದೆ, ಆಗ 1:59:58 ಎಂಬ ಮುದ್ರೆಯ ದಾಖಲೆ ಮತ್ತೆ ತಪ್ಪಿಹೋಗುತ್ತದೆ. ಯಾರಾದರೂ ಆ ದಾಖಲೆಯನ್ನು ಮತ್ತೆ ಮುಟ್ಟುವವರೆಗೂ ಅದು ಹೊರಗೆ ಹೋಗುವುದಿಲ್ಲ. ಪ್ರತಿ ಬಾರಿಯೂ ಹತ್ತು ಹದಿನೈದು ನಿಮಿಷ ಹಿಂದಕ್ಕೆ ಸರಿದು ಓದಿದರೆ ಇದು ಬಹುತೇಕ ನಿಲ್ಲುತ್ತದೆ. ಕೆಲವು ಸಾಲುಗಳು ಎರಡು ಸಲ ಹೋಗುತ್ತವೆ, ಆದ್ದರಿಂದ ಬ್ಯಾಚ್‌ನಲ್ಲೂ ಮರುಸಂದೇಶವನ್ನು ತಾಳಿಕೊಳ್ಳುವ ವ್ಯವಸ್ಥೆ ಬೇಕು. ಅಳಿಸಿಹಾಕಿದ ದಾಖಲೆ ಈ ಜಾಲಕ್ಕೆ ಸಿಗುವುದೇ ಇಲ್ಲ, ಏಕೆಂದರೆ ‘ಬದಲಾದದ್ದು’ ಎಂದು ತೋರಿಸಲು ಆ ಸಾಲೇ ಉಳಿದಿರುವುದಿಲ್ಲ.

ಇ-ಇನ್‌ವಾಯ್ಸ್ ಕಾಯುವುದಿಲ್ಲ

ದಾಸ್ತಾನಿನಲ್ಲಿ ಲೆಕ್ಕ ಹಾಕಿ ಆಯ್ದುಕೊಳ್ಳಬಹುದು, ಜಿಎಸ್‌ಟಿ ಇ-ಇನ್‌ವಾಯ್ಸ್‌ನಲ್ಲಿ ಅಷ್ಟು ಅವಕಾಶವಿಲ್ಲ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವ್ಯಾಪಾರಿಗಳು, ಕೆಲವು ವಿನಾಯಿತಿಗಳನ್ನು ಬಿಟ್ಟು, ಇತರ ವ್ಯಾಪಾರಿಗಳಿಗೆ ಕೊಡುವ ಬಿಲ್ಲನ್ನು ಸರ್ಕಾರದ ನೋಂದಣಿ ಪೋರ್ಟಲ್‌ಗೆ ಕಳುಹಿಸಿ ಐಆರ್‌ಎನ್ ಎಂಬ 64 ಅಕ್ಷರದ ಸಂಖ್ಯೆ ಪಡೆಯಬೇಕು. 10 ಕೋಟಿ ಮತ್ತು ಅದಕ್ಕೂ ಮೇಲಿನವರಿಗೆ 2025ರ ಏಪ್ರಿಲ್‌ನಿಂದ ಬಿಲ್ಲಿನ ದಿನಾಂಕದಿಂದ 30 ದಿನಗಳ ಗಡುವಿದೆ.

ಗಡುವು 30 ದಿನವಾದರೆ ರಾತ್ರಿಯ ಬ್ಯಾಚ್ ಸಾಲದೇ ಎಂದು ಕೇಳಬಹುದು. ಕಾನೂನಿನ ಗಡುವಿಗೆ ಸಾಕು, ಲಾರಿಗೆ ಸಾಲದು. ಐಆರ್‌ಎನ್ ಮತ್ತು ಕ್ಯೂಆರ್ ಕೋಡ್ ಇರುವ ಬಿಲ್ಲಿನೊಂದಿಗೇ ಸರಕು ಭಿವಂಡಿಯಿಂದ ಹೊರಡಬೇಕು, ಚಾಲಕ ಗೇಟಿನಲ್ಲಿ ನಿಂತಿದ್ದಾನೆ. ಇಲ್ಲಿ ಬಿಲ್ ಆದ ಕೂಡಲೇ ಕೇಳಿ ಉತ್ತರ ಪಡೆಯುವುದೇ ಸರಿ.

ಉತ್ತರ ಬಾರದಿದ್ದರೆ? ಪೋರ್ಟಲ್ ಬಿಲ್ಲನ್ನು ನೋಂದಾಯಿಸಿದೆ, ಉತ್ತರ ದಾರಿಯಲ್ಲಿ ಕಳೆದುಹೋಗಿದೆ ಎನ್ನಿ. ಐಆರ್‌ಎನ್ ಹುಟ್ಟುವುದು ಮಾರಾಟಗಾರರ ಜಿಎಸ್‌ಟಿ ಸಂಖ್ಯೆ, ದಾಖಲೆಯ ಬಗೆ, ಬಿಲ್ ಸಂಖ್ಯೆ, ಆರ್ಥಿಕ ವರ್ಷ ಇವುಗಳಿಂದ. ಹಾಗಾಗಿ ಅದೇ ಬಿಲ್ಲನ್ನು ಮತ್ತೆ ಕಳುಹಿಸಿದರೆ ಪೋರ್ಟಲ್ ‘ಈಗಾಗಲೇ ಇದೆ’ ಎಂದು ತಿರಸ್ಕರಿಸುತ್ತದೆ. ಈ ತಿರಸ್ಕಾರವನ್ನು ಸೋಲೆಂದು ತಿಳಿದು ಹೊಸ ಬಿಲ್ ಸಂಖ್ಯೆಯಲ್ಲಿ ಕಳುಹಿಸಿದರೆ ಒಂದೇ ಸರಕಿಗೆ ಎರಡು ತೆರಿಗೆ ಬಿಲ್ ಆಗುತ್ತವೆ, ಪೋರ್ಟಲ್‌ನಲ್ಲಿ ರದ್ದು ಮಾಡಲು ಇರುವುದು 24 ಗಂಟೆ ಮಾತ್ರ. ಜೋಡಣೆ ಬರೆಯುವವರು ಆ ಉತ್ತರವನ್ನು ಗೆಲುವೆಂದೇ ಪರಿಗಣಿಸಿ ಹಳೆಯ ಐಆರ್‌ಎನ್ ತರಿಸಿಕೊಳ್ಳಬೇಕು.

ಬ್ಯಾಚ್ ಬಿಟ್ಟು ಬೇರೆ ದಾರಿಯಿಲ್ಲದ ಕಡೆ

400 ನೌಕರರ ಸಂಬಳದ ಲೆಕ್ಕ ಇಆರ್‌ಪಿಗೆ ಬರುವಾಗ ಖರ್ಚಿನ ಒಟ್ಟು ಮೊತ್ತವೂ ಕೊಡಬೇಕಾದ ಮೊತ್ತವೂ ಸಮವಾಗಬೇಕು. 250 ಜನರದ್ದು ಬಂದು ಉಳಿದದ್ದು ಸರತಿಯಲ್ಲಿ ನಿಂತರೆ ಆ ಅರ್ಧ ಸತ್ಯಕ್ಕೆ ಬೆಲೆಯಿಲ್ಲ. ಬಂದರೆ ಎಲ್ಲವೂ ಬರಬೇಕು, ಇಲ್ಲವೇ ಒಂದೂ ಬರಬಾರದು. ಇದಕ್ಕೆ ಫೈಲೇ ಸರಿಯಾದ ವಾಹನ. ಅದರ ಕೊನೆಯ ಸಾಲಿನಲ್ಲಿ ‘400 ದಾಖಲೆ, ಒಟ್ಟು ಇಷ್ಟು ರೂಪಾಯಿ’ ಎಂದಿರುತ್ತದೆ, ಇಆರ್‌ಪಿ ತಾನು ಓದಿದ್ದನ್ನು ಕೂಡಿ ನೋಡಿ ತಾಳೆಯಾದರೆ ಮಾತ್ರ ದಾಖಲಿಸುತ್ತದೆ. ತಿಂಗಳ ಸವಕಳಿಯೂ ಹೀಗೆಯೇ. ಅಂಗಡಿಗಳ ಚಿಲ್ಲರೆ ಬಿಲ್ಲುಗಳ ಹಣದ ಲೆಕ್ಕವೂ ಅಷ್ಟೇ: ದಾಸ್ತಾನಿನ ಸುದ್ದಿ ಕ್ಷಣಕ್ಷಣ ಹೋದರೂ, ಪ್ರತಿ ಬಿಲ್ಲಿಗೂ ಲೆಡ್ಜರ್‌ನಲ್ಲಿ ಬೇರೆ ನಮೂದು ಮಾಡಿ ಇಆರ್‌ಪಿಯನ್ನು ಬಳಲಿಸುವುದಕ್ಕಿಂತ ಅಂಗಡಿವಾರು ದಿನದ ಮೊತ್ತ ಸಾಕು.

ಮೌನವನ್ನು ಗುರುತಿಸುವುದು ಹೇಗೆ?

ಬ್ಯಾಚ್ ಬಿದ್ದರೆ ಬೆಳಿಗ್ಗೆ ಗೊತ್ತಾಗುತ್ತದೆ, ಫೈಲ್ ಬಂದಿರುವುದಿಲ್ಲ. ಇವೆಂಟ್ ನಿಂತರೆ ಯಾರಿಗೂ ತಿಳಿಯುವುದಿಲ್ಲ, ಏಕೆಂದರೆ ‘ಏನೂ ಬರಲಿಲ್ಲ’ ಎಂಬುದು ‘ಏನೂ ಮಾರಾಟವಾಗಲಿಲ್ಲ’ ಎಂಬಂತೆಯೇ ಕಾಣುತ್ತದೆ. ಆದ್ದರಿಂದ ಸರತಿಯಲ್ಲಿ ಎಷ್ಟು ಸಂದೇಶಗಳಿವೆ ಎಂಬುದರ ಜೊತೆಗೆ, ಅಲ್ಲಿ ಎಲ್ಲಕ್ಕಿಂತ ಹಳೆಯದು ಎಷ್ಟು ಹೊತ್ತಿನಿಂದ ಕಾಯುತ್ತಿದೆ ಎಂಬುದನ್ನೂ, ವ್ಯಾಪಾರದ ವೇಳೆಯಲ್ಲಿ ಗಂಟೆಗೆ ಎಷ್ಟು ಬಂದವು ಎಂಬುದನ್ನೂ ಗಮನಿಸಬೇಕು.

ಅದರ ಮೇಲೆ ಒಂದು ರಾತ್ರಿ ತಾಳೆ ಬೇಕೇ ಬೇಕು. ಇವೆಂಟ್ ಬಂತೆಂದು ರಾತ್ರಿಯ ಫೈಲನ್ನು ನಿಲ್ಲಿಸುವವರು ಇದ್ದ ಒಂದೇ ಪರೀಕ್ಷೆಯನ್ನು ಕಳೆದುಕೊಳ್ಳುತ್ತಾರೆ. ಅದೇ ಫೈಲಿನಿಂದ ಇಆರ್‌ಪಿ ಮತ್ತು ಸೈಟ್‌ನ ಬಾಕಿಗಳನ್ನು ಹೋಲಿಸಿ, ವ್ಯತ್ಯಾಸವಿರುವ ವಸ್ತುಗಳನ್ನಷ್ಟೇ ಪಟ್ಟಿ ಮಾಡಿದರೆ ಸಾಕು. ಹೋಲಿಸುವ ಹೊತ್ತಿನಲ್ಲಿ ದಾರಿಯಲ್ಲಿದ್ದ ಸಂದೇಶಗಳಿಂದ ಒಂದೆರಡು ಸುಳ್ಳು ವ್ಯತ್ಯಾಸ ಕಾಣಬಹುದು, ಹತ್ತು ನಿಮಿಷ ಬಿಟ್ಟು ಆ ವಸ್ತುಗಳನ್ನು ಮತ್ತೆ ನೋಡಿದರೆ ಅವು ಮಾಯವಾಗುತ್ತವೆ. ಉಳಿದ ವ್ಯತ್ಯಾಸಗಳು ಒಂದೇ ಬಗೆಯ ವ್ಯವಹಾರದವೇ ಎಂದು ನೋಡಬೇಕು. ವ್ಯತ್ಯಾಸವೆಲ್ಲ ಗೋದಾಮಿನ ಎಣಿಕೆಯ ನಂತರ ತಿದ್ದಿದ ವಸ್ತುಗಳಲ್ಲೇ ಇದ್ದರೆ, ಬಿಲ್ಲಿಗೆ ಇವೆಂಟ್ ಬರೆದವರು ಎಣಿಕೆಯ ತಿದ್ದುಪಡಿಯ ಪರದೆಗೆ ಬರೆಯಲು ಮರೆತಿದ್ದಾರೆ ಎಂದೇ ಅರ್ಥ.