ಬೆರಗಿಗೆ ನಂಬಿಕೆ ಬೇಕೆ?

ಕನ್ನಡದಲ್ಲಿ 'ಬೆರಗು' ಎಂಬ ಮಾತು ಬರುವಾಗ ಅದರ ಹಿಂದೆ ಸಾಮಾನ್ಯವಾಗಿ 'ಕಂಡು' ಇರುತ್ತದೆ, ಇಲ್ಲವೇ 'ಕೇಳಿ' ಇರುತ್ತದೆ. ಕಂಡು ಬೆರಗಾದರು, ಕೇಳಿ ಬೆರಗಾದರು ಎನ್ನುತ್ತೇವೆ. ನಂಬಿ ಬೆರಗಾದರು ಎಂದು ಯಾರೂ ಹೇಳುವುದಿಲ್ಲ. ಭಕ್ತಿಗೆ ಯಾರ ಮೇಲೆ ಎಂಬ ಪ್ರಶ್ನೆ ಅಂಟಿಕೊಂಡೇ ಇರುತ್ತದೆ, ಬೆರಗಿಗೆ ಅಂಥ ಹಂಗಿಲ್ಲ. ಸೇಡಂನಿಂದ ಪೂರ್ವಕ್ಕೆ ಗಡಿ ದಾಟಿದರೆ ತೆಲುಗಿನಲ್ಲಿ ಇದರ ಒಡಹುಟ್ಟುಗಳು ಸಿಗುತ್ತವೆ: ಅಲ್ಲಿ 'ವೆರಗು' ಎಂದರೆ ಅಚ್ಚರಿ, 'ವೆರಪು' ಎಂದರೆ ಅಂಜಿಕೆ. ನಮ್ಮ 'ಬೆಚ್ಚು' ಕೂಡ ಅದೇ ಬಳ್ಳಿಯದು. ಅಂದರೆ ಬೆರಗಿನ ಬುಡದಲ್ಲಿ ಒಂದಿಷ್ಟು ಭಯವಿದೆ, ಮುಂದೆ ನಿಂತದ್ದು ತನ್ನ ಅಳತೆಗೆ ಸಿಗದು ಎಂಬ ತತ್ತರವಿದೆ. ಅಲ್ಲಮನ ವಚನಗಳಲ್ಲಿ ಈ ಪದ ಮಾತು ನಿಂತುಹೋಗುವ ನೆಲೆಯನ್ನು ಹೇಳುವ ಎತ್ತರಕ್ಕೆ ಏರಿತು. ಈಗ ಸೀರೆ ಅಂಗಡಿಯ ಜಾಹೀರಾತಿನಲ್ಲಿ 'ಬೆರಗುಗೊಳಿಸುವ ರಿಯಾಯಿತಿ' ಎಂದಾಗಿ ಇಳಿದಿದೆ. ಪದಗಳಿಗೆ ಹೀಗಾಗುವುದು ಹೊಸದೇನಲ್ಲ ಬಿಡಿ. ಆದರೆ ದೇವರನ್ನು ನಂಬದವರಿಗೆ ನಿಜವಾದ ಅಧ್ಯಾತ್ಮ ಸಾಧ್ಯವೇ ಎಂಬ ಪ್ರಶ್ನೆಗೆ ಈ ಪದದ ವ್ಯಾಕರಣವೇ ಅರ್ಧ ಉತ್ತರ ಕೊಡುತ್ತದೆ ಎಂಬುದು ನನ್ನ ವಾದ. ಇನ್ನರ್ಧಕ್ಕೆ ಕಲಬುರಗಿ ಸೀಮೆಯ ನೆಲವನ್ನೂ ಅದರ ಹಳೆಯ ಪಂಡಿತರನ್ನೂ ಕೇಳಬೇಕು.

ಸೇಡಂ ತಾಲ್ಲೂಕಿನ ಮಳಖೇಡವನ್ನು ನಾವು ನೆನೆಯುವುದು ಹೆಚ್ಚಾಗಿ ಕವಿರಾಜಮಾರ್ಗಕ್ಕಾಗಿ. ಆದರೆ ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನಿಗೆ ಗುರುವಾಗಿದ್ದವನು ಜಿನಸೇನ. ಅವನ ಸಂಸ್ಕೃತ ಆದಿಪುರಾಣವೇ ಪಂಪನ ಕನ್ನಡ ಆದಿಪುರಾಣಕ್ಕೆ ಆಕರ. ಆ ಕೃತಿಯಲ್ಲಿ ಸೃಷ್ಟಿಕರ್ತನೊಬ್ಬನಿದ್ದಾನೆ ಎಂಬ ಮಾತನ್ನು ಜಿನಸೇನ ವಕೀಲನಂತೆ ಅಡ್ಡಸವಾಲಿಗೆ ಒಡ್ಡುತ್ತಾನೆ. ಜಗತ್ತನ್ನು ಮಾಡುವ ಮೊದಲು ಅವನು ಎಲ್ಲಿದ್ದ? ಯಾವ ಸಾಮಗ್ರಿಯಿಂದ ಮಾಡಿದ? ಸಾಮಗ್ರಿಯನ್ನೂ ಅವನೇ ಮಾಡಿದ ಎಂದರೆ ಅದನ್ನು ಯಾವುದರಿಂದ ಮಾಡಿದ ಎಂಬ ಪ್ರಶ್ನೆಗೆ ಕೊನೆಯೇ ಇಲ್ಲ. ಸಾಮಗ್ರಿ ತಾನಾಗಿ ಇತ್ತು ಎಂದರೆ ಜಗತ್ತೂ ತಾನಾಗಿ ಇರಲು ಅಡ್ಡಿಯೇನು? ಅವನು ಕೊರತೆಯಿಲ್ಲದ ಪೂರ್ಣನಾಗಿದ್ದರೆ ಮಾಡಬೇಕೆಂಬ ಆಸೆ ಎಲ್ಲಿಂದ ಹುಟ್ಟಿತು? ಕೊನೆಗೆ ಜಗತ್ತಿಗೆ ಆದಿಯೂ ಇಲ್ಲ, ಮಾಡಿದವನೂ ಇಲ್ಲ ಎಂದು ತೀರ್ಮಾನಿಸುತ್ತಾನೆ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಖಗೋಳ ವಿಜ್ಞಾನಿ ಕಾರ್ಲ್ ಸಾಗನ್ 1980ರ ತಮ್ಮ 'ಕಾಸ್ಮೊಸ್' ಪುಸ್ತಕದಲ್ಲಿ ಈ ಭಾಗವನ್ನು ಎತ್ತಿಕೊಂಡರು. ದೇವರಿಲ್ಲದ ಬೆರಗಿಗೆ ನಮ್ಮ ಕಾಲದ ದೊಡ್ಡ ವಕ್ತಾರ ಹುಡುಕಿ ಹಿಡಿದದ್ದು ಮಳಖೇಡದ ದೊರೆಯ ಗುರುವನ್ನು! ಇಷ್ಟು ನಿಷ್ಠುರವಾಗಿ ತರ್ಕಿಸುವವನ ಕಾವ್ಯ ಒಣಗಿಯೂ ಇಲ್ಲ. ಸಮವಸರಣದ ವರ್ಣನೆಗೆ ಕುಳಿತಾಗ ಅವನಿಗೆ ನಿಲ್ಲಿಸಲು ಮನಸ್ಸೇ ಬರುವುದಿಲ್ಲ. ಕರ್ತೃವನ್ನು ಕೈಬಿಟ್ಟರೆ ಬೆರಗು ಬತ್ತಿಹೋಗುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ ಎನ್ನಲು ಇದೇ ಸಾಕು.

ಇಲ್ಲಿ ನ್ಯಾಯವಾದ ತಕರಾರೊಂದಿದೆ. ಜಿನಸೇನ ಸೆಕ್ಯುಲರ್ ಮನುಷ್ಯನಲ್ಲ, ದಿಗಂಬರ ಮುನಿ. ಸೃಷ್ಟಿಕರ್ತನನ್ನು ಒಪ್ಪದಿದ್ದರೂ ಜೀವ, ಕರ್ಮ, ಮರುಹುಟ್ಟು, ಮೋಕ್ಷಗಳನ್ನು ಒಪ್ಪಿದವನು. ಅವನನ್ನು ಇಂದಿನ ನಾಸ್ತಿಕರ ಸಾಲಿಗೆ ಎಳೆದು ಕೂರಿಸುವುದು ತಪ್ಪು. ಹಾಗಾಗಿ ಅವನಿಂದ ಸಿಗುವ ಸಾಕ್ಷ್ಯ ಅರ್ಧದ್ದು ಮಾತ್ರ: ಸಾಧನೆ, ಸಂಯಮ, ಧ್ಯಾನಗಳಿಗೆ ಸೃಷ್ಟಿಕರ್ತ ಅನಿವಾರ್ಯವಲ್ಲ ಎಂದಷ್ಟೇ. ಆತ್ಮ, ಮೋಕ್ಷ ಎರಡನ್ನೂ ಕಳಚಿದ ಮೇಲೆ ಏನಾದರೂ ಉಳಿಯುತ್ತದೆಯೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕು. ಅದು ಕಾಲಡಿಯಲ್ಲೇ ಇದೆ.

ಶಹಾಬಾದಿನ ಫರ್ಸಿ ಕಲ್ಲು ಹಾಸದ ಊರು ಈ ಕಡೆ ಅಪರೂಪ. ವಾಡಿಯಲ್ಲೂ ಸೇಡಂನಲ್ಲೂ ಸಿಮೆಂಟಾಗಿ ಚೀಲ ಸೇರುವುದೂ ಈ ಸೀಮೆಯ ಸುಣ್ಣಕಲ್ಲೇ. ಅದು ಆಳವಿಲ್ಲದ ಕಡಲಿನ ತಳದಲ್ಲಿ ಸುಣ್ಣದ ಕೆಸರು ಕಣಕಣವಾಗಿ ಕೂತು ಗಟ್ಟಿಯಾದದ್ದು. ಪದರಗಳು ಇಂದಿಗೂ ಹೆಚ್ಚುಕಡಿಮೆ ಮಟ್ಟಸವಾಗಿಯೇ ಇರುವುದರಿಂದ ಖಣಿಯಲ್ಲಿ ಉಳಿ ಇಟ್ಟು ಬಡಿದರೆ ಹಲಗೆಯ ಹಾಗೆ ಏಳುತ್ತದೆ. ಕಡಲಿನ ಕಲ್ಲು ಎಂದ ಮೇಲೆ ಶಂಖ, ಚಿಪ್ಪು ಇರಬೇಕಲ್ಲ ಎಂದು ಹುಡುಕಿದರೆ ಸಿಗುವುದಿಲ್ಲ. ಚಿಪ್ಪು ಕಟ್ಟುವ ಪ್ರಾಣಿಗಳು ಕಡಲಲ್ಲಿ ಹರಡುವುದಕ್ಕೂ ಮೊದಲಿನ ಕೆಸರು ಅದು. ಹೆಚ್ಚಿನ ಭೂವಿಜ್ಞಾನಿಗಳ ಲೆಕ್ಕದಲ್ಲಿ 54 ಕೋಟಿ ವರ್ಷಗಳಿಗಿಂತ ಹಳೆಯದು. ಚಿತ್ತಾಪುರ, ಚಿಂಚೋಳಿಗಳ ಕಡೆ ಇದರ ಮೇಲೆ ಕರಿಕಲ್ಲು ಕೂತಿದೆ. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ತೊಗರಿ ಬೆಳೆಯುವ ಎರೆಮಣ್ಣು ಬಹುಪಾಲು ಆ ಕರಿಕಲ್ಲು ಸವೆದು ಆದದ್ದು. ಕೆಳಗಿನ ಕಲ್ಲಿಗೂ ಮೇಲಿನ ಕಲ್ಲಿಗೂ ನಡುವೆ ಒಂದು ಗೆರೆಯಷ್ಟೇ ಕಾಣುತ್ತದೆ. ಆ ಗೆರೆಯಲ್ಲಿ 47 ಕೋಟಿಗೂ ಮಿಕ್ಕ ವರ್ಷಗಳು ದಾಖಲೆಯಿಲ್ಲದೆ ಅಳಿಸಿಹೋಗಿವೆ. ಮೀನು ಹುಟ್ಟಿದ್ದು, ಕಾಡು ಬೆಳೆದದ್ದು, ಡೈನೋಸಾರ್‌ಗಳು ಬಂದದ್ದು ಎಲ್ಲವೂ ಆ ಗೆರೆಯೊಳಗೆ. ಇದನ್ನು ತಿಳಿದು ಮೈ ಜುಮ್ಮೆನ್ನಲು ಯಾವ ನಂಬಿಕೆಯೂ ಬೇಕಿಲ್ಲ, ತಿಳಿವಳಿಕೆ ಮಾತ್ರ ಬೇಕು. ತಿಳಿಯದವನಿಗೆ ಅದು ಬರೀ ಅಂಗಳದ ಕಲ್ಲು. ವಿಜ್ಞಾನ ಬೆರಗನ್ನು ಕೊಲ್ಲುತ್ತದೆ ಎಂಬ ದೂರು ಇಲ್ಲಿ ತಲೆಕೆಳಗಾಗುತ್ತದೆ.

ಮನಶ್ಶಾಸ್ತ್ರಜ್ಞರೂ ಬೆರಗನ್ನು ಹೀಗೆಯೇ ಬಿಡಿಸಿದ್ದಾರೆ. ಡ್ಯಾಕರ್ ಕೆಲ್ಟ್ನರ್ ಮತ್ತು ಜೊನಾಥನ್ ಹೈಟ್ 2003ರ ಪ್ರಬಂಧದಲ್ಲಿ ಅದಕ್ಕೆ ಎರಡು ಲಕ್ಷಣ ಹೇಳಿದರು: ಎದುರಿಗಿರುವುದು ನಮಗಿಂತ ಬಹಳ ದೊಡ್ಡದೆನಿಸಬೇಕು, ಮತ್ತು ಇದ್ದ ತಿಳಿವಳಿಕೆಯಲ್ಲಿ ಅದು ಹಿಡಿಸದೆ ತಿಳಿವಳಿಕೆಯನ್ನೇ ಹಿಗ್ಗಿಸಿಕೊಳ್ಳಬೇಕಾಗಬೇಕು. ಎರಡರಲ್ಲೂ ದೇವರ ಮಾತಿಲ್ಲ. ಆದರೆ ಇದೇ ಶಾಸ್ತ್ರದಿಂದ ನನ್ನ ವಾದಕ್ಕೆ ಗಟ್ಟಿ ಪೆಟ್ಟೂ ಬಿದ್ದಿದೆ. 2014ರಲ್ಲಿ ವಾಲ್ಡೆಸೊಲೊ ಮತ್ತು ಗ್ರಹಾಮ್ ನಡೆಸಿದ ಪ್ರಯೋಗಗಳಲ್ಲಿ, ಬೆರಗು ಹುಟ್ಟಿಸುವ ವಿಡಿಯೊ ನೋಡಿದವರು ಇತರರಿಗಿಂತ ಹೆಚ್ಚಾಗಿ ಅಲೌಕಿಕ ಶಕ್ತಿಯ ಕಡೆ ವಾಲಿದರು. ಅವರು ಕೊಟ್ಟ ಕಾರಣ ಗಮನಿಸುವಂಥದ್ದು: ಬೆರಗಿನಲ್ಲಿ ಮನಸ್ಸು ಅನಿಶ್ಚಯವನ್ನು ತಾಳಲಾರದೆ, ಇದನ್ನು ಯಾರೋ ಮಾಡಿರಬೇಕು ಎಂದು ಬೇಗ ಮುಗಿಸಲು ನೋಡುತ್ತದೆ. ಬೆರಗಿನ ಹಾದಿ ಗುಡಿಗೇ ಹೋಗುತ್ತದೆ ಎಂದು ಆಸ್ತಿಕರು ಇದನ್ನು ತೋರಿಸಬಹುದು. ನಾನು ಇದನ್ನು ಬೇರೆ ರೀತಿ ಓದುತ್ತೇನೆ. ಬೆರಗು ಒಂದು ಸೆಳೆತ. ಆ ಸೆಳೆತಕ್ಕೆ ಉತ್ತರದ ಮುಚ್ಚಳ ಹಾಕದೆ, ತಿಳಿಯದ್ದನ್ನು ತಿಳಿಯದ್ದೆಂದೇ ಇಟ್ಟುಕೊಂಡು ನಿಲ್ಲುವುದು ಅಭ್ಯಾಸದಿಂದ ಬರಬೇಕಾದ ಕಸುವು. ಜಿನಸೇನ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಮಾಡಿದ್ದು ಈ ಅಭ್ಯಾಸದ ಒಂದು ಬಗೆ. ಸೆಕ್ಯುಲರ್ ಮನುಷ್ಯನ ಅಧ್ಯಾತ್ಮ ಎಂಬುದು ಇದ್ದರೆ ಅದು ಇರುವುದು ಈ ಅಭ್ಯಾಸದಲ್ಲಿ, ಜುಮ್ಮೆಂದ ಆ ಕ್ಷಣದಲ್ಲಲ್ಲ. ಬರೀ ರೋಮಾಂಚನವನ್ನು ಅಧ್ಯಾತ್ಮ ಎಂದು ಕರೆದುಕೊಳ್ಳುವವರ ಮೇಲೆ ಭಕ್ತರು ನಕ್ಕರೆ ನಾನು ಭಕ್ತರ ಪಕ್ಷ.

ಆದರೂ ಒಂದು ತಕರಾರಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಧರ್ಮವೆಂದರೆ ಒಂಟಿಯಾಗಿ ಅನುಭವಿಸುವ ಬೆರಗಲ್ಲ. ಜಾತ್ರೆ, ಉರುಸು, ಭಜನೆ, ದಾಸೋಹ. ಮನೆಯಲ್ಲಿ ಸಾವಾದಾಗ ಏನು ಮಾಡಬೇಕೆಂದು ತಿಳಿದ ಹತ್ತು ಜನ ಬಂದು ನಿಲ್ಲುತ್ತಾರೆ. ಹೆಣದ ಮುಂದೆ ಕೂತವರಿಗೆ ಕಲ್ಲಿನ ವಯಸ್ಸು ಹೇಳಿ ಪ್ರಯೋಜನವಿಲ್ಲ. ಇದು ನಂಬಿಕೆಯ ಗೆಲುವಿಗಿಂತ ಕೂಡಿ ಬಾಳುವ ಏರ್ಪಾಡಿನ ಗೆಲುವು ಎಂದು ವಾದಿಸಬಹುದು. ಹಬ್ಬದೂಟಕ್ಕೆ, ಹೆಗಲು ಕೊಡುವುದಕ್ಕೆ ಬರುವ ಎಲ್ಲರೂ ಗಟ್ಟಿ ಆಸ್ತಿಕರೇನಲ್ಲ. ಅಂಥ ಏರ್ಪಾಡನ್ನು ನಂಬದವರೂ ಕಟ್ಟಿಕೊಳ್ಳಬಹುದು. ಆದರೆ ಈ ಸೀಮೆಯ ಊರುಗಳಲ್ಲಿ ಅದನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದವರು ಭಕ್ತರೇ, ಮತ್ತು ನಂಬದವರು ಕೂಡ ಇವತ್ತಿಗೂ ಅವರ ಏರ್ಪಾಡಿನಲ್ಲೇ ಹುಟ್ಟು, ಮದುವೆ, ಸಾವುಗಳನ್ನು ನಡೆಸಿಕೊಳ್ಳುತ್ತಿದ್ದಾರೆ.